ಮಗಳ ಎಜುಕೇಶನ್ ಲೋನು, ಅಪ್ಪನ ರಿಟರ್ನು

ಮಗಳ ಎಂ.ಬಿ.ಎ. ಸಾಲದ ಮೊದಲ ಕಂತು 2024ರ ಏಪ್ರಿಲ್‌ನಲ್ಲಿ ಶುರುವಾಗುವುದಿತ್ತು. ಆಗ ಬ್ಯಾಂಕಿಗೆ ಹೋಗಿ ಬಡ್ಡಿ ಸರ್ಟಿಫಿಕೇಟ್ ಕೇಳಿದೆ. ಕೈಗೆ ಬಂದ ಕಾಗದದಲ್ಲಿ ಮಗಳ ಹೆಸರು ಮಾತ್ರ ಇತ್ತು. "ಇದು ಸ್ಟೂಡೆಂಟ್ ಹೆಸರಲ್ಲೇ ಬರೋದು ಸಾರ್, ಸಿಸ್ಟಮ್ ಹಂಗೇ ಇದೆ" ಅಂದರು ಕೌಂಟರಿನವರು. ಮನೆಗೆ ಬಂದು ಸ್ಯಾಂಕ್ಷನ್ ಲೆಟರ್ ಹುಡುಕಿ ತೆಗೆದೆ. ಅದರಲ್ಲಿ ನಾನು ಜಾಮೀನುದಾರ ಅಲ್ಲ, ಸಹ ಸಾಲಗಾರ ಅಂತ ಸ್ಪಷ್ಟವಾಗಿತ್ತು. ಅದನ್ನು ತೋರಿಸಿ ಅರ್ಜಿ ಕೊಟ್ಟ ಮೇಲೆ ಇಬ್ಬರ ಹೆಸರೂ ಇರುವ ಸರ್ಟಿಫಿಕೇಟ್ ಬಂತು.

ಇದಕ್ಕೆ ಇಷ್ಟು ಓಡಾಡಿದ್ದಕ್ಕೆ ಕಾರಣವಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80E ಪ್ರಕಾರ ಉನ್ನತ ಓದಿನ ಸಾಲದ ಬಡ್ಡಿಯನ್ನು ಆದಾಯದಿಂದ ಕಳೆಯುವ ಕಡಿತ ಸಿಗುವುದು ಸಾಲ ತಗೊಂಡವನಿಗೆ, ಅದೂ ಅವನು ತನ್ನ ತೆರಿಗೆಗೆ ಒಳಪಡುವ ಆದಾಯದಿಂದ ಬಡ್ಡಿ ಕಟ್ಟಿದ್ದರೆ. ಸಾಲ ತನ್ನ ಓದಿಗೇ ಆಗಬೇಕಿಲ್ಲ, ಗಂಡ ಅಥವಾ ಹೆಂಡತಿಯ ಓದಿಗೂ ಮಕ್ಕಳ ಓದಿಗೂ ಆಗಬಹುದು. ಹಾಗಾಗಿ ಸಹ ಸಾಲಗಾರನಾದ ಅಪ್ಪ ಕೇಳಬಹುದು. ಬರೀ ಜಾಮೀನು ಹಾಕಿದ ಅಪ್ಪನ ಹೆಸರಲ್ಲಿ ಸಾಲವೇ ಇರುವುದಿಲ್ಲ.

ಎರಡನೆಯ ತೊಡಕು ಕಂತು ಹೋಗುವ ಖಾತೆಯದು. ಸಾಲ ಮಾಡುವಾಗ ಆಟೋ ಡೆಬಿಟ್‌ಗೆ ಮಗಳ ಖಾತೆ ಕೊಟ್ಟಿದ್ದೆವು. ದುಡ್ಡು ನಾನು ಅವಳಿಗೆ ಹಾಕಿ, ಅಲ್ಲಿಂದ ಕಂತು ಹೋದರೆ, ಕಾಗದದ ಮೇಲೆ ಕಟ್ಟಿದವಳು ಅವಳೇ. ಮೊದಲ ಕಂತಿಗೆ ಮುಂಚೆಯೇ ಮ್ಯಾಂಡೇಟ್ ಬದಲಿಸಿ ನನ್ನ ಸಂಬಳದ ಖಾತೆಗೆ ಹಾಕಿಸಿದೆ. ಒಂದೇ ರೂಪಾಯಿಯನ್ನು ಇಬ್ಬರೂ ತೋರಿಸುವಂತಿಲ್ಲ, ಯಾರು ಎಷ್ಟು ಬಡ್ಡಿ ಕಟ್ಟಿದರೋ ಅವರಿಗೆ ಅಷ್ಟೇ.

ನಾನು ಎಡವುವುದರಲ್ಲಿದ್ದ ಜಾಗ ಇನ್ನೊಂದು. ಅದರ ಹಿಂದಿನ ವರ್ಷದ ಸರ್ಟಿಫಿಕೇಟ್‌ನಲ್ಲೂ ಲಕ್ಷದ ಹತ್ತಿರ ಬಡ್ಡಿ ಕಾಣುತ್ತಿತ್ತು. ನೋಡಿದರೆ ಅದು ಕಂತು ಶುರುವಾಗುವ ಮುಂಚಿನ ಮೊರಟೋರಿಯಂ ಕಾಲದಲ್ಲಿ ಬ್ಯಾಂಕು ಲೆಕ್ಕಕ್ಕೆ ಹಾಕಿದ ಬಡ್ಡಿ, ನಾವು ಕಟ್ಟಿದ್ದು ಸೊನ್ನೆ. ಕಡಿತ ಸಿಗುವುದು ಕಟ್ಟಿದ ಬಡ್ಡಿಗೆ ಮಾತ್ರ. ಲೋನ್ ಸ್ಟೇಟ್‌ಮೆಂಟ್‌ನ ಜಮಾ ಕಾಲಂ ನೋಡಿದರೆ ಇದು ಥಟ್ಟನೆ ಗೊತ್ತಾಗುತ್ತದೆ. ಸಾಲದ ಅಸಲು ಕಟ್ಟಿದ್ದಕ್ಕೆ 80E ಇಲ್ಲ. ಬಡ್ಡಿಗಾದರೆ ಇಂತಿಷ್ಟೇ ಎಂಬ ಮಿತಿ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. 2024-25ರಲ್ಲಿ ನನ್ನ ಸಂಬಳ 16,00,000, ಕಟ್ಟಿದ ಬಡ್ಡಿ 1,20,000. ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ, 80E ಸಿಗುವುದು ಹಳೆ ಪದ್ಧತಿಯಲ್ಲಿ ಮಾತ್ರ. ಅಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, 80Cಯ ಉಳಿತಾಯಗಳ ಒಂದೂವರೆ ಲಕ್ಷ, ಆರೋಗ್ಯ ವಿಮೆ 25,000, ಮನೆ ಸಾಲದ ಬಡ್ಡಿ 2 ಲಕ್ಷ, ಕೊನೆಗೆ ಈ 1,20,000, ಎಲ್ಲ ಕಳೆದರೆ ಉಳಿದದ್ದು 10,52,600. ಸೆಸ್ ಸೇರಿ ತೆರಿಗೆ 1,33,411. ಹೊಸ ಪದ್ಧತಿಯಲ್ಲಿ 75,000 ಮಾತ್ರ ಕಳೆದು 1,53,400. ಅಂದರೆ ಹಳೆಯದರಲ್ಲಿ ಸುಮಾರು 20,000 ಉಳಿತಾಯ.

80E ಇಲ್ಲದಿದ್ದರೆ ಹಳೆಯದರಲ್ಲಿ 1,70,851 ಆಗುತ್ತಿತ್ತು, ಹೊಸದೇ ವಾಸಿ. ಹಾಗಾಗಿ "ಮೂವತ್ತು ಪರ್ಸೆಂಟ್ ಸ್ಲ್ಯಾಬು, 37,000 ಉಳಿಯುತ್ತೆ" ಎಂದು ಆಫೀಸಿನಲ್ಲಿ ಹೇಳುವವರ ಲೆಕ್ಕ ಅರ್ಧ ಮಾತ್ರ. ನನಗೆ ನಿಜವಾಗಿ ಉಳಿದದ್ದು ಆ 20,000.

ಏಪ್ರಿಲ್‌ನಲ್ಲಿ ಆಫೀಸಿಗೆ ಹಳೆ ಪದ್ಧತಿ ಬೇಕೆಂದು ಹೇಳಲು ಮರೆತಿದ್ದೆ, ಹೊಸದರ ಲೆಕ್ಕದಲ್ಲೇ ಟಿ.ಡಿ.ಎಸ್. ಹಿಡಿದಿದ್ದರು. ಸಂಬಳದಾರರು ಗಡುವಿನೊಳಗೆ ರಿಟರ್ನ್ ಹಾಕಿದರೆ ಅಲ್ಲೇ ಹಳೆಯದನ್ನು ಆರಿಸಬಹುದು, ಹಾಗೇ ಮಾಡಿದೆ. ಆ ಸಲದ ಫಾರ್ಮಿನಲ್ಲಿ 80Eಗೆ ಬರೀ ಮೊತ್ತ ಬರೆದರೆ ಸಾಲುತ್ತಿರಲಿಲ್ಲ. ಬ್ಯಾಂಕಿನ ಹೆಸರು, ಸಾಲದ ಖಾತೆ ನಂಬರ್, ಮಂಜೂರಾದ ದಿನ, ಒಟ್ಟು ಸಾಲ, ಮಾರ್ಚ್ 31ರ ಬಾಕಿ ಎಲ್ಲ ಕೇಳಿತು. ಸ್ಯಾಂಕ್ಷನ್ ಲೆಟರ್ ಪಕ್ಕದಲ್ಲಿತ್ತು, ಬಚಾವಾದೆ. ಹೆಚ್ಚಿಗೆ ಹಿಡಿದದ್ದು ರೀಫಂಡ್ ಆಗಿ ಬಂತು.

ಆದರೆ 2025-26ಕ್ಕೆ ಹೊಸ ಪದ್ಧತಿಯ ಸ್ಲ್ಯಾಬುಗಳು ಬದಲಾದವು. ಅದೇ ಸಂಬಳಕ್ಕೆ ಹೊಸದರಲ್ಲಿ ತೆರಿಗೆ 1,13,100ಕ್ಕೆ ಇಳಿಯಿತು, ಹಳೆಯದು ಇದ್ದಲ್ಲೇ ಇತ್ತು. ಹಾಗಾಗಿ ಆ ವರ್ಷಕ್ಕೆ 80E ಬಿಟ್ಟು ಹೊಸದಕ್ಕೆ ಹೋದೆ. ಬಿಟ್ಟ ವರ್ಷವೂ ಲೆಕ್ಕಕ್ಕೆ ಸೇರುತ್ತದೆ: ಈ ಕಡಿತ ಸಿಗುವುದು ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ ಒಟ್ಟು ಎಂಟು ವರ್ಷ, ಅಂದರೆ ನನಗೆ 2031-32ರವರೆಗೆ. ಕಂತು ಮಾತ್ರ ಈಗಲೂ ನನ್ನ ಖಾತೆಯಿಂದಲೇ ಹೋಗುತ್ತಿದೆ. ಮಗಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಅವಳೂ ಹೊಸ ಪದ್ಧತಿಯಲ್ಲೇ ಇದ್ದಾಳೆ. ಸದ್ಯಕ್ಕೆ ಯಾರು ಕಟ್ಟಿದರೂ ತೆರಿಗೆಯಲ್ಲಿ ವ್ಯತ್ಯಾಸವಿಲ್ಲ.