ಆರು ವಾರದ ಫಂಗಸ್ ಮಾತ್ರೆಗೆ ನಾನು ಬರೆದುಕೊಟ್ಟ ಡಿಸ್ಚಾರ್ಜ್ ಪತ್ರ

ಹಾಸನದ ಆಸ್ಪತ್ರೆಯೊಂದರಲ್ಲಿ ನಾನು ಫಿಸಿಶಿಯನ್. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ ಇರುತ್ತೆ, ಅದು ಮುಂದಿನ ಡಾಕ್ಟರಿಗೆ. ರೋಗಿಗೆ ಬೇರೆ ಕಾಗದ ಬೇಕು. ವೊರಿಕೊನಜೋಲ್ ಅನ್ನುವ ಫಂಗಸ್ ಮಾತ್ರೆ ಶುರು ಮಾಡಿದವರಿಗಂತೂ ನಾನು ಕನ್ನಡದಲ್ಲಿ ಒಂದು ಪತ್ರ ಬರೆದೇ ಕಳಿಸುತ್ತೇನೆ. ಈ ಮಾತ್ರೆಗೆ ಊಟದ ಹೊತ್ತು, ಬಿಸಿಲು, ಹಳೆಯ ಮಾತ್ರೆಗಳು, ಎಲ್ಲದರ ಜೊತೆಗೂ ತಕರಾರು ಇದೆ.

ಸಕಲೇಶಪುರದ ಕಡೆಯ ಒಬ್ಬ ಸಣ್ಣ ಬೆಳೆಗಾರರ ಪತ್ರ ಹೇಗೆ ಬರೆದೆ ಅಂತ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅರವತ್ತರ ಹತ್ತಿರದ ವಯಸ್ಸು, ಸಕ್ಕರೆ ಕಾಯಿಲೆ. ಜೋರು ಇನ್‌ಫ್ಲುಯೆಂಜಾ ಬಂದು, ಉಸಿರಾಟಕ್ಕೆ ಸ್ಟೀರಾಯ್ಡ್ ಕೊಟ್ಟು, ಆಮೇಲೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಫಂಗಸ್ ಸೇರಿಕೊಂಡಿತ್ತು. ಮೊದಲ ದಿನಗಳ ಜಾಸ್ತಿ ಡೋಸ್ ಆಸ್ಪತ್ರೆಯಲ್ಲೇ ಡ್ರಿಪ್‌ನಲ್ಲಿ ಮುಗಿಯಿತು. ಮನೆಗೆ ಹೋಗುವಾಗ 200 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಎರಡು ಸಲ. ಆರು ವಾರಕ್ಕೆ 84 ಮಾತ್ರೆ.

ಮೊದಲು ಬರೆಯಬೇಕಾದ್ದು ಹೊತ್ತು. ಹೊಟ್ಟೆಯಲ್ಲಿ ಊಟ ಇದ್ದರೆ, ಅದರಲ್ಲೂ ಎಣ್ಣೆ ಜಿಡ್ಡು ಇದ್ದರೆ, ಈ ಮಾತ್ರೆ ರಕ್ತಕ್ಕೆ ಸೇರುವುದು ಕಡಿಮೆ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟ ಆಗಿ ಒಂದು ಗಂಟೆ ಮೇಲೆ ತಗೋಬೇಕು. ಹೀಗಂತ ಬರೆದರೆ ಯಾರಿಗೂ ನೆನಪಿರಲ್ಲ. ಅದಕ್ಕೆ ನಾನು ಮೊದಲು ಅವರ ದಿನ ಹೇಗಿರುತ್ತೆ ಅಂತ ಕೇಳುತ್ತೇನೆ. ಇವರು ಐದೂವರೆಗೆ ಏಳುತ್ತಾರೆ, ಆರಕ್ಕೆ ಹಾಲು ಕಾಫಿ, ಎಂಟಕ್ಕೆ ಅಕ್ಕಿ ರೊಟ್ಟಿ, ರಾತ್ರಿ ಎಂಟೂವರೆಗೆ ಮುದ್ದೆ. ಪತ್ರದಲ್ಲಿ ಹೀಗೆ ಬರೆದೆ: "ಬೆಳಿಗ್ಗೆ 6ಕ್ಕೆ ಒಂದು ಮಾತ್ರೆ, ಬರೀ ನೀರಿನ ಜೊತೆ. ಕಾಫಿ 7ಕ್ಕೆ. ಸಂಜೆ 6ಕ್ಕೆ ಇನ್ನೊಂದು ಮಾತ್ರೆ. ಸಂಜೆಯ ಕಾಫಿ ತಿಂಡಿ 5ರೊಳಗೆ ಮುಗಿಸಿ." ಕಾಫಿ ಒಂದು ಗಂಟೆ ತಡ ಮಾಡಿ ಅಂದದ್ದಕ್ಕೆ "ಆಸ್ಪತ್ರೆಗಿಂತ ಇದು ಕಷ್ಟ ಡಾಕ್ಟ್ರೇ" ಅಂದರು, ಆದರೂ ಒಪ್ಪಿದರು.

ಮರೆತರೆ? "ಮಧ್ಯಾಹ್ನದೊಳಗೆ ನೆನಪಾದರೆ, ಊಟ ತಿಂಡಿಯಿಂದ ಒಂದು ಗಂಟೆ ಬಿಟ್ಟು ತಗೊಳ್ಳಿ. ಅದೂ ದಾಟಿದರೆ ಬಿಟ್ಟುಬಿಡಿ. ಸಂಜೆ ಎರಡು ಮಾತ್ರೆ ಒಟ್ಟಿಗೆ ಬೇಡ." ಇಷ್ಟೇ.

ಹಳೆಯ ಮಾತ್ರೆಗಳ ವಿಷಯಕ್ಕೆ ಪತ್ರದಲ್ಲಿ ಜಾಸ್ತಿ ಜಾಗ ಕೊಟ್ಟೆ. ಇವರ ಮನೆಯಲ್ಲಿ ಸಕ್ಕರೆಗೆ ಗ್ಲಿಮೆಪಿರೈಡ್, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ ಸ್ಟ್ರಿಪ್‌ಗಳು ಇದ್ದವು. ಲಿವರ್ ಕೆಲವು ಔಷಧಿಗಳನ್ನು ಒಡೆದು ಹೊರಗೆ ಹಾಕುವ ದಾರಿಯನ್ನು ವೊರಿಕೊನಜೋಲ್ ತಡೆಯುತ್ತೆ. ಹಾಗಾಗಿ ಅದೇ ಹಳೆಯ ಡೋಸ್ ಗ್ಲಿಮೆಪಿರೈಡ್ ಸಕ್ಕರೆಯನ್ನು ತುಂಬಾ ಇಳಿಸಿಬಿಡಬಹುದು, ಅಟೊರ್ವಾಸ್ಟಾಟಿನ್ ಮೈಯಲ್ಲಿ ಉಳಿದು ಮಾಂಸಖಂಡಕ್ಕೆ ತೊಂದರೆ ಕೊಡಬಹುದು. ಎರಡನ್ನೂ ನಿಲ್ಲಿಸಿ, ಸಕ್ಕರೆಗೆ ಇನ್ಸುಲಿನ್ ಹಾಕಿದ್ದೆವು. ಸುಮ್ನೆ "ನಿಲ್ಲಿಸಿ" ಅಂದರೆ ಸಾಲದು. ಸೊಸೆಗೆ ಆ ಸ್ಟ್ರಿಪ್‌ಗಳನ್ನು ಬೇರೆ ಡಬ್ಬಿಗೆ ಹಾಕಿ ಎತ್ತಿಡಲು ಹೇಳಿದೆ, ಅದನ್ನೂ ಪತ್ರದಲ್ಲಿ ಬರೆದೆ. ಇನ್ನೊಂದು ಸಾಲು ಊರಿನ ಕ್ಲಿನಿಕ್‌ಗೆ: "ವಾಂತಿ, ಜ್ವರ, ಕೆಮ್ಮು ಯಾವುದಕ್ಕೇ ಹೋದರೂ ಈ ಪತ್ರ ತೋರಿಸಿ. ಡಾಂಪೆರಿಡೋನ್, ಅಜಿತ್ರೊಮೈಸಿನ್ ನಮ್ಮನ್ನು ಕೇಳದೆ ಬೇಡ." ಇವು ವೊರಿಕೊನಜೋಲ್ ಜೊತೆ ಸೇರಿದರೆ ಹೃದಯದ ಬಡಿತ ತಪ್ಪುವ ಅಪಾಯ ಇದೆ. ಈ ಎರಡೂ ಔಷಧಿ ಎಷ್ಟು ಸಲೀಸಾಗಿ ಕೈಗೆ ಬರುತ್ತವೆ ಅಂತ ನಮಗೆಲ್ಲ ಗೊತ್ತು, ಅಲ್ವಾ?

ಪರೀಕ್ಷೆಗಳು. ಮೊದಲ ತಿಂಗಳು ವಾರಕ್ಕೊಮ್ಮೆ ಲಿವರ್, ಜೊತೆಗೆ ಪೊಟ್ಯಾಸಿಯಂ ಮತ್ತು ಕಿಡ್ನಿ. ಇದಲ್ಲದೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ನೋಡುವ ಪರೀಕ್ಷೆ. ಒಂದೇ ಡೋಸ್ ಒಬ್ಬರಿಗೆ ಸಾಲಲ್ಲ, ಇನ್ನೊಬ್ಬರಿಗೆ ಜಾಸ್ತಿ ಆಗುತ್ತೆ, ಹೊರಗಿನಿಂದ ನೋಡಿ ಹೇಳಲು ಆಗಲ್ಲ. ಲೀಟರಿಗೆ 1ರಿಂದ 5.5 ಮಿಲಿಗ್ರಾಂ ಒಳಗೆ ಇರಲಿ ಅಂತ ನೋಡುತ್ತೇವೆ. ಈ ರಕ್ತವನ್ನು ಬೆಳಗಿನ ಮಾತ್ರೆಗೆ ಮೊದಲೇ ತೆಗೆಯಬೇಕು. ಆದರೆ ರಕ್ತ ಪರೀಕ್ಷೆ ಅಂದ ಕೂಡಲೇ ಜನ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಇನ್ಸುಲಿನ್ ಚುಚ್ಚಿಕೊಂಡು, ಏನೂ ತಿನ್ನದೆ ಬಸ್ ಹತ್ತಿದರೆ ದಾರಿಯಲ್ಲೇ ಸಕ್ಕರೆ ಇಳಿದು ಬೀಳುತ್ತಾರೆ. ಅದಕ್ಕೆ ದಪ್ಪ ಅಕ್ಷರದಲ್ಲಿ ಬರೆದೆ: "ಪರೀಕ್ಷೆ ದಿನ 7ಕ್ಕೆ ಇನ್ಸುಲಿನ್, ತಿಂಡಿ ಎಂದಿನಂತೆ. ಫಂಗಸ್ ಮಾತ್ರೆ ಮಾತ್ರ ಬೇಡ, ಜೇಬಿನಲ್ಲಿ ಇಟ್ಟುಕೊಂಡು ಬನ್ನಿ. ರಕ್ತ ಕೊಟ್ಟ ಕೂಡಲೇ ನುಂಗಿ."

ಅಪಾಯದ ಲಕ್ಷಣಗಳನ್ನು ಒಂದೇ ಪಟ್ಟಿ ಮಾಡಿ ಕೊಟ್ಟರೆ ಎಲ್ಲವೂ ಒಂದೇ ತೂಕದ್ದು ಅನ್ನಿಸುತ್ತೆ. ಏನು ಮಾಡಬೇಕು ಅನ್ನುವುದರ ಮೇಲೆ ನಾನು ಭಾಗ ಮಾಡುತ್ತೇನೆ.

ಹೆದರಬೇಡಿ ಅನ್ನುವ ಭಾಗದಲ್ಲಿ ಕಣ್ಣು. ಮಾತ್ರೆ ತಗೊಂಡ ಅರ್ಧ ಗಂಟೆಗೆ ಬೆಳಕು ಜೋರಾಗಿ, ಬಣ್ಣ ಬೇರೆಯಾಗಿ, ಮಂಜಾಗಿ ಕಾಣಬಹುದು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಸರಿಹೋಗುತ್ತೆ, ದಿನ ಕಳೆದಂತೆ ಕಡಿಮೆಯಾಗುತ್ತೆ. ಆದರೆ ಸಂಜೆಯ ಮಾತ್ರೆ ಮಬ್ಬುಗತ್ತಲಿನ ಹೊತ್ತಿಗೇ ಬರುತ್ತೆ, ಆದ್ದರಿಂದ ಕತ್ತಲಾದ ಮೇಲೆ ಬೈಕ್, ಜೀಪ್ ಎರಡೂ ಇಲ್ಲ. ಬಿಸಿಲೂ ಇಲ್ಲೇ ಬರುತ್ತೆ. ಈ ಮಾತ್ರೆಯಿಂದ ಚರ್ಮ ಬೇಗ ಸುಡುತ್ತೆ. ಅದು ಕಾಫಿ ಒಣಗಿಸುವ ಕಾಲ, ಅವರು ಇಡೀ ದಿನ ಕಣದಲ್ಲಿ ನಿಲ್ಲುವವರು. ತುಂಬು ತೋಳಿನ ಅಂಗಿ, ಟೋಪಿ, ಮಧ್ಯಾಹ್ನ ಕಣಕ್ಕೆ ಇಳಿಯುವುದು ಬೇಡ ಅಂದೆ. ಗೊಬ್ಬರ ಗುಂಡಿ, ಬೂಸ್ಟು ಹಿಡಿದ ಹುಲ್ಲು, ಕಾಫಿ ಸಿಪ್ಪೆಯ ರಾಶಿ ಕೆದಕುವುದೂ ಬೇಡ, ಈ ಫಂಗಸ್ ಇರುವುದೇ ಅಲ್ಲಿ.

ಅದೇ ದಿನ ಫೋನ್ ಮಾಡಿ ಅನ್ನುವ ಭಾಗ: ಕಣ್ಣು ಹಳದಿ, ಡಿಕಾಕ್ಷನ್ ಬಣ್ಣದ ಮೂತ್ರ, ಊಟ ಸೇರದೆ ಇರುವುದು, ಮತ್ತೆ ಜ್ವರ, ಕಫದಲ್ಲಿ ರಕ್ತದ ಗೆರೆ, ಯಾರೂ ಇಲ್ಲದ ಕಡೆ ಯಾರೋ ಇದ್ದಾರೆ ಅನ್ನುವುದು. ಕಣ್ಣು ಹಳದಿಯಾದರೆ ಮಲೆನಾಡಿನಲ್ಲಿ ಮೊದಲು ನೆನಪಾಗುವುದು ಕಾಮಾಲೆಯ ನಾಟಿ ಮದ್ದು. "ಇದು ಮಾತ್ರೆಯಿಂದಲೇ ಆಗಿರಬಹುದು. ಮುಂದಿನ ಮಾತ್ರೆಗೆ ಮೊದಲು ನಮಗೆ ಫೋನ್ ಮಾಡಿ, ಬೇರೆ ಮದ್ದು ಬೇಡ" ಅಂತ ಬರೆದೆ.

ಫೋನ್ ಕೂಡ ಬೇಡ, ನೇರ 108: ಬಾಯಿ ತುಂಬ ರಕ್ತ, ತಲೆ ಸುತ್ತಿ ಪ್ರಜ್ಞೆ ತಪ್ಪುವುದು, ಉಸಿರು ಕಟ್ಟುವುದು.

ಹೊರಡುವ ಮೊದಲು ಪತ್ರವನ್ನು ಸೊಸೆ ಗಟ್ಟಿಯಾಗಿ ಓದಿದರು. "ಅರ್ಥ ಆಯ್ತಾ" ಅಂತ ನಾನು ಕೇಳಲ್ಲ, ಎಲ್ಲರೂ ಹೂಂ ಅಂತಾರೆ. "ನಾಳೆ ಕಾಫಿ ಎಷ್ಟೊತ್ತಿಗೆ? ಸೋಮವಾರ ರಕ್ತ ಕೊಡಲು ಬರುವಾಗ ತಿಂಡಿ ತಿಂತೀರಾ?" ಅಂತ ಕೇಳಿದೆ. ಎರಡನೆಯದಕ್ಕೆ ಯಜಮಾನರು "ಇಲ್ಲ" ಅಂದರು. ಆ ಸಾಲನ್ನು ಮತ್ತೆ ಓದಿಸಿದೆ.

ಎರಡನೇ ವಾರ ಸೊಸೆ ಫೋನ್ ಮಾಡಿದರು. ಮಾವ ರಾತ್ರಿ ಹಿತ್ತಲಲ್ಲಿ ಆಳುಗಳು ನಿಂತಿದ್ದಾರೆ ಅಂತಾರೆ, ಅಲ್ಲಿ ಯಾರೂ ಇಲ್ಲ. ಅತ್ತೆಗೆ ಬೇರೆಯದೇ ಅನುಮಾನ, ತಾಯಿತ ಕಟ್ಟಿಸುವ ಮಾತೂ ಎದ್ದಿತ್ತಂತೆ. ಪತ್ರದಲ್ಲಿ ಆ ಸಾಲು ಇದ್ದದ್ದರಿಂದ ಮೊದಲು ನಮಗೆ ಫೋನ್ ಬಂತು. ಅವತ್ತೇ ಕರೆಸಿ ನೋಡಿದೆವು. ಸಕ್ಕರೆ, ಸೋಡಿಯಂ, ಆಕ್ಸಿಜನ್ ಸರಿಯಿದ್ದವು. ಔಷಧಿ ಮಟ್ಟದ ರಿಪೋರ್ಟ್ ಹೊರಗಿನ ಲ್ಯಾಬಿನಿಂದ ಬಂದಾಗ 6 ದಾಟಿತ್ತು. ಡೋಸನ್ನು 150ಕ್ಕೆ ಇಳಿಸಿದೆವು, ಅಂದರೆ 50ರ ಮಾತ್ರೆ ಮೂರು, ಎರಡು ಹೊತ್ತು. ಕೆಲವೇ ದಿನಕ್ಕೆ ಆಳುಗಳು ಮಾಯ.

ಡೋಸ್ ಬದಲಾದಾಗ ಹಳೆಯ ಪತ್ರದ ಮೇಲೆ ಗೀಚಿ ಕೊಡಬೇಡಿ. ಹಳೆಯದನ್ನು ಮತ್ತು ಉಳಿದ 200ರ ಮಾತ್ರೆಗಳನ್ನು ನಾನು ವಾಪಸ್ ತಗೊಂಡು, ಹೊಸದಾಗಿ ಬರೆದು ಮೇಲೆ ತಾರೀಕು ಹಾಕಿದೆ. ಮನೆಯಲ್ಲಿ ಎರಡು ಪತ್ರ ಇದ್ದರೆ ಯಾವುದು ಸರಿ ಅಂತ ರಾತ್ರಿ ಹೊತ್ತು ಯಾರಿಗೂ ಗೊತ್ತಾಗಲ್ಲ.

ಆ ಹೊಸ ಪತ್ರದಲ್ಲೂ ಕೊನೆಯ ಸಾಲು ಮೊದಲಿನದೇ: "ಆರು ವಾರ ಅಂದರೆ ಕಡಿಮೆ ಅಂದರೂ ಆರು ವಾರ. ಸಿಟಿ ಸ್ಕ್ಯಾನ್ ನೋಡಿ ನಾವು ಹೇಳುವ ತನಕ ನಿಲ್ಲಿಸಬೇಡಿ. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಬನ್ನಿ." ಆರನೇ ವಾರದ ಸ್ಕ್ಯಾನಿನಲ್ಲಿ ಕಲೆ ಅರ್ಧಕ್ಕಿಂತ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಅದೇ 150ರ ಡೋಸ್ ಮುಂದುವರಿಸಿ, ಲಿವರ್ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿ, ಮೂರನೇ ಪತ್ರ ಬರೆದುಕೊಟ್ಟೆ.