ಇಂಗ್ಲೆಂಡಿನಲ್ಲಿ ಆಫೀಸ್ ಲೀಸ್: ರೆಂಟ್-ಫ್ರೀ ಕಳೆದರೆ ಬಾಡಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ಇಂಗ್ಲೆಂಡಿನಲ್ಲಿ ಆಫೀಸ್ ಹಿಡಿಯುವಾಗ ಮಾಲೀಕರು ಚದರ ಅಡಿಯ ದರ ಇಳಿಸಲು ಸುಲಭವಾಗಿ ಒಪ್ಪುವುದಿಲ್ಲ. ಕಟ್ಟಡದ ಬೆಲೆ ಕಟ್ಟುವುದು ಆ ದರದ ಮೇಲೆ, ಅಕ್ಕಪಕ್ಕದ ಬಾಡಿಗೆಗಳಿಗೂ ಅದೇ ಅಳತೆಗೋಲು. ಅದರ ಬದಲು ಅವರು ಕೊಡುವುದು ರೆಂಟ್-ಫ್ರೀ ತಿಂಗಳುಗಳನ್ನು. ಗೋಡೆ, ಕೇಬಲ್, ಕಾರ್ಪೆಟ್ ಕೆಲಸ ನಡೆಯುವ ಫಿಟ್-ಔಟ್ ಕಾಲಕ್ಕೆ ಬಾಡಿಗೆ ಬೇಡ ಎಂಬುದು ಇದರ ಮೂಲ ಉದ್ದೇಶ.

ಒಂದು ಲೆಕ್ಕ ನೋಡೋಣ. 2,000 ಚದರ ಅಡಿ, ಅಡಿಗೆ ವರ್ಷಕ್ಕೆ 30 ಪೌಂಡ್, ಐದು ವರ್ಷದ ಲೀಸ್, ಆರು ತಿಂಗಳು ರೆಂಟ್-ಫ್ರೀ. ವರ್ಷಕ್ಕೆ 60,000ದಂತೆ ಐದು ವರ್ಷಕ್ಕೆ 3,00,000 ಪೌಂಡ್. ಆರು ತಿಂಗಳ 30,000 ಕಳೆದರೆ 2,70,000. ಐದರಿಂದ ಭಾಗಿಸಿದರೆ ವರ್ಷಕ್ಕೆ 54,000, ಅಂದರೆ ಅಡಿಗೆ 27 ಪೌಂಡ್. ಕಟ್ಟಡಗಳ ಬೆಲೆ, ಬಾಡಿಗೆ ಅಂದಾಜು ಮಾಡುವ ಸರ್ವೇಯರ್‌ಗಳು ಮಾತ್ರ ಸಾಮಾನ್ಯವಾಗಿ ಮೊದಲ ಮೂರು ತಿಂಗಳನ್ನು ಫಿಟ್-ಔಟ್‌ಗೆ ಎಂದು ಬದಿಗಿಟ್ಟು, ಉಳಿದ ಮೂರನ್ನಷ್ಟೇ ರಿಯಾಯಿತಿಯಾಗಿ ಎಣಿಸುತ್ತಾರೆ. ಆಗ ಅಡಿಗೆ 28.50 ಬರುತ್ತದೆ. ಎರಡು ಕಟ್ಟಡಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ರೀತಿ ಲೆಕ್ಕ ಹಾಕಿದ್ದಾರೆಯೇ ಎಂದು ಮೊದಲು ಕೇಳಿ.

ಮೂರನೇ ವರ್ಷದ ಕೊನೆಗೆ ಲೀಸ್ ಬಿಡುವ ಬ್ರೇಕ್ ಹಕ್ಕು ಬೇಕೆಂದರೆ ಮಾಲೀಕರು ರೆಂಟ್-ಫ್ರೀಯನ್ನು ಒಡೆಯುವುದುಂಟು: ಮೂರು ತಿಂಗಳು ಆರಂಭದಲ್ಲಿ, ಇನ್ನು ಮೂರು ನೀವು ಬ್ರೇಕ್ ಬಳಸದಿದ್ದರೆ ಮಾತ್ರ. ಹೊರಟರೆ ಮೂರು ವರ್ಷಕ್ಕೆ 1,65,000 ಕೊಟ್ಟಿರುತ್ತೀರಿ, ಅಡಿಗೆ 27.50.

ಹೆಚ್ಚಿನವರು ನಷ್ಟಪಡುವುದು ದಿನಾಂಕದಲ್ಲಿ. ರೆಂಟ್-ಫ್ರೀಯ ಗಡಿಯಾರ ಲೀಸ್ ಆರಂಭದ ದಿನವೇ ಓಡತೊಡಗುತ್ತದೆ, ಆದರೆ ಒಳಗೋಡೆ ಅಥವಾ ಎಸಿ ಬದಲಿಸಲು ಮಾಲೀಕರ ಲಿಖಿತ ಒಪ್ಪಿಗೆ, ಅಂದರೆ ಲೈಸೆನ್ಸ್ ಫಾರ್ ಆಲ್ಟರೇಷನ್ಸ್, ಸಾಮಾನ್ಯವಾಗಿ ಬೇಕು. ಲೀಸಿಗೆ ಸಹಿ ಹಾಕಿದ ಮೇಲೆ ನಕ್ಷೆ ಕಳಿಸಿದರೆ ಅದು ವಕೀಲರ ನಡುವೆ ಓಡಾಡುವಷ್ಟರಲ್ಲಿ ಎರಡು ತಿಂಗಳು ಕಳೆದುಹೋಗಬಹುದು. ಮೇಲಿನ ಉದಾಹರಣೆಯಲ್ಲಿ ಅದು 10,000 ಪೌಂಡ್, ಜೊತೆಗೆ ಹಳೆಯ ಆಫೀಸಿನ ಬಾಡಿಗೆ. ಆದ್ದರಿಂದ ಲೀಸಿಗೆ ಮುಂಚೆ ಮುಖ್ಯ ಷರತ್ತುಗಳನ್ನು ಬರೆದುಕೊಳ್ಳುವ ಹೆಡ್ಸ್ ಆಫ್ ಟರ್ಮ್ಸ್ ಹಂತದಲ್ಲೇ ನಕ್ಷೆ ಕೊಟ್ಟು, ಲೀಸ್ ಮತ್ತು ಲೈಸೆನ್ಸ್ ಎರಡಕ್ಕೂ ಒಂದೇ ದಿನ ಸಹಿ ಬೀಳುವಂತೆ ಪಟ್ಟು ಹಿಡಿಯಿರಿ.

ರೆಂಟ್-ಫ್ರೀ ಎಂದರೆ ಬಾಡಿಗೆಗೆ ಮಾತ್ರ ವಿನಾಯಿತಿ. ಬೇರೆ ಒಪ್ಪಂದ ಇಲ್ಲದಿದ್ದರೆ ಕಟ್ಟಡದ ಸಾಮಾನ್ಯ ನಿರ್ವಹಣೆಗೆ ಕೊಡುವ ಸರ್ವಿಸ್ ಚಾರ್ಜ್ ಮತ್ತು ಕಟ್ಟಡದ ವಿಮೆಯ ಪಾಲು ಮೊದಲ ದಿನದಿಂದಲೇ ಬರುತ್ತವೆ. ಸರ್ವಿಸ್ ಚಾರ್ಜ್ ಅಡಿಗೆ 8 ಪೌಂಡ್ ಎಂದಿಟ್ಟುಕೊಂಡರೂ ಆರು ತಿಂಗಳಿಗೆ 8,000. ಸ್ಥಳೀಯ ಕೌನ್ಸಿಲ್ ವಸೂಲಿ ಮಾಡುವ ಬಿಸಿನೆಸ್ ರೇಟ್ಸ್ ಎಂಬ ಆಸ್ತಿ ತೆರಿಗೆಗೆ ಖಾಲಿ ಆಫೀಸಿನ ಮೂರು ತಿಂಗಳ ವಿನಾಯಿತಿ ಇದೆ, ಆದರೆ ಅದು ಜಾಗ ಖಾಲಿಯಾದ ದಿನದಿಂದ ಎಣಿಕೆಯಾಗುತ್ತದೆ. ನೀವು ಬರುವ ಮೊದಲೇ ಅರ್ಧ ವರ್ಷ ಖಾಲಿ ಬಿದ್ದಿದ್ದರೆ ನಿಮ್ಮ ಪಾಲಿಗೆ ಏನೂ ಉಳಿದಿರುವುದಿಲ್ಲ. ಜಾಗ ಎಂದಿನಿಂದ ಖಾಲಿ ಇದೆ ಎಂದು ಏಜೆಂಟರಿಂದ ಬರಹದಲ್ಲಿ ಪಡೆದ ಮೇಲೆಯೇ ಆ ವಿನಾಯಿತಿಯನ್ನು ಬಜೆಟ್‌ಗೆ ಸೇರಿಸಿ.