ಭಜಿ ಕಡಾಯಿಯ ಎಣ್ಣೆ ಯಾವಾಗ ಇಳಿಸಬೇಕು?

ಕಲಬುರಗಿಯ ಎಷ್ಟೋ ಹೋಟೆಲುಗಳಲ್ಲಿ ಈಗ ಕರಿದ ಎಣ್ಣೆ ಎಷ್ಟು ಕೆಟ್ಟಿದೆ ಎಂದು ಅಳೆಯುವ ಮೀಟರ್ ಇದೆ. ಆದರೆ ಅದನ್ನು ಬಳಸುವ ರೀತಿ ನೋಡಿದರೆ ಕಣ್ಣಂದಾಜೇ ವಾಸಿ ಅನಿಸುತ್ತದೆ. ಭಜಿ ಕರಿಯುತ್ತಿರುವಾಗಲೇ ಅದ್ದುತ್ತಾರೆ, ಬಂದ ಅಂಕಿ ನೋಡಿ ಗಾಬರಿಯಾಗುತ್ತಾರೆ. ಆಮೇಲೆ ಮೀಟರೇ ಸರಿಯಿಲ್ಲ ಎಂದು ಡ್ರಾವರಿಗೆ ಹಾಕುತ್ತಾರೆ.

ಅಳೆಯುವುದು ಏನನ್ನು? ಹೊಸ ಎಣ್ಣೆ ಬಹುಪಾಲು ಟ್ರೈಗ್ಲಿಸರೈಡ್ ಎಂಬ ಕೊಬ್ಬು. ಹಸಿಮೆಣಸಿನಕಾಯಿ, ಹಿಟ್ಟಿನ ನೀರು ಅದನ್ನು ಒಡೆಯುತ್ತದೆ, ಗಾಳಿ ಕೆಡಿಸುತ್ತದೆ, ಕಾವು ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಹೀಗೆ ಹುಟ್ಟಿದ್ದನ್ನೆಲ್ಲ ಸೇರಿಸಿ ಟೋಟಲ್ ಪೋಲಾರ್ ಕಾಂಪೌಂಡ್ಸ್, ಅಂದರೆ ಟಿಪಿಸಿ ಎನ್ನುತ್ತಾರೆ. ಇದು ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. 2018ರ ಜುಲೈ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಈ ನಿಯಮ ಜಾರಿಯಲ್ಲಿದೆ.

ಮೊದಲು ಹೊಸ ಡಬ್ಬ ಒಡೆದಾಗ ಒಮ್ಮೆ ಅಳೆದು ಬರೆದಿಡಿ. ಹೊಸ ಎಣ್ಣೆಯಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಶೇ 15ಕ್ಕಿಂತ ಜಾಸ್ತಿ ಬಂದರೆ ಡಬ್ಬ ವಾಪಸ್ ಕಳಿಸಿ. ಕಾವು 170-180 ಡಿಗ್ರಿ ಸಾಕು. ದೊಡ್ಡ ಉರಿಯಲ್ಲಿ ಬೇಗ ಬೇಯುತ್ತದೆ ಅನ್ನುವವರ ಎಣ್ಣೆ ಬೇಗ ಸಾಯುತ್ತದೆ, ಅಷ್ಟೇ. ನಮ್ಮ ಕಡೆಯ ಕುಸುಬೆ ಎಣ್ಣೆ ಒಗ್ಗರಣೆಗೆ ಚೆಂದ. ಇಡೀ ದಿನ ಕಾಯುವ ಕಡಾಯಿಗೆ ಮಾತ್ರ ಬೇಡ. ಅದರ ಸಾಮಾನ್ಯ ತಳಿಯಲ್ಲಿ ಲಿನೋಲಿಕ್ ಆಮ್ಲ ಜಾಸ್ತಿ, ಗಾಳಿಗೂ ಕಾವಿಗೂ ಬೇಗ ಕೆಡುತ್ತದೆ.

ಈಗ ಎಲ್ಲರೂ ಎಡವುವ ಹಂತ, ಅಳೆಯುವುದು. ಕೊನೆಯ ಭಜಿ ತೆಗೆದ ಮೇಲೆ ಐದು ನಿಮಿಷ ಸುಮ್ನೆ ಬಿಡಿ. ಗುಳ್ಳೆ ಪೂರ್ತಿ ನಿಲ್ಲಬೇಕು. ಮೀಟರ್ ನೋಡುವುದು ಎಣ್ಣೆಯ ವಿದ್ಯುತ್ ಗುಣವನ್ನು. ಒಂದಿಷ್ಟು ನೀರಿನಂಶ ಉಳಿದರೂ ಅಂಕಿ ಸುಳ್ಳೇ ಮೇಲೇರುತ್ತದೆ. ಎಣ್ಣೆ ಬಿಸಿಯಾಗಿಯೇ ಇರಲಿ, ತಣ್ಣಗೆ ಹೆಪ್ಪುಗಟ್ಟಿದ ಪಾಮ್ ಎಣ್ಣೆಗೆ ಚುಚ್ಚಬೇಡಿ. ಇಂಡಕ್ಷನ್ ಒಲೆಯಾದರೆ ಆರಿಸಿ. ಗುರುತಿನ ಗೆರೆಯವರೆಗೆ ಅದ್ದಿ, ನಿಧಾನವಾಗಿ ಆಡಿಸಿ. ಕಡಾಯಿಯ ತಳಕ್ಕೋ ಪಕ್ಕಕ್ಕೋ ತುದಿ ತಾಗಕೂಡದು, ಒಂದು ಸೆಂಟಿಮೀಟರಾದರೂ ದೂರವಿರಲಿ. ಅಂಕಿ ಓಡಾಡುವುದು ನಿಂತ ಮೇಲೆ ಓದಿ. ಇನ್ನೊಮ್ಮೆ ಅಳೆಯಿರಿ. ಎರಡೂ ಹತ್ತಿರ ಬಂದರೆ ಮಾತ್ರ ನಂಬಿ.

ತೆಗೆದ ಕೂಡಲೇ ಮೆತ್ತನೆ ಕಾಗದದಿಂದ ಒರೆಸಿ, ತಣಿದ ಮೇಲೆ ಸೋಪು ನೀರಲ್ಲಿ ತೊಳೆಯಿರಿ. ಸ್ಟೀಲ್ ಜುಂಗಿನಿಂದ ಉಜ್ಜಿದರೆ ಮೀಟರಿನ ಕಥೆ ಮುಗಿಯಿತು. ಇಂಥ ಮೀಟರುಗಳಲ್ಲಿ ಅಂಕಿ ಶೇ 2ರಷ್ಟು ಆಚೀಚೆ ಆಗುವುದು ಸಹಜ. ಹಾಗಾಗಿ ನನ್ನ ಕೇಳಿದರೆ 23ಕ್ಕೇ ಎಣ್ಣೆ ಇಳಿಸಿ. 25 ಬರಲಿ ಎಂದು ಕಾಯಬೇಡಿ.

ಅಗ್ಗಕ್ಕೆ ಸಿಗುವ ಕಾಗದದ ಪಟ್ಟಿಗಳ ಬಗ್ಗೆ ಹುಷಾರ್. ಅವುಗಳಲ್ಲಿ ಹೆಚ್ಚಿನವು ಅಳೆಯುವುದು ಎಣ್ಣೆ ಒಡೆದಾಗ ಬಿಡುವ ಫ್ರೀ ಫ್ಯಾಟಿ ಆಸಿಡ್ ಮಾತ್ರ, ಪೂರ್ತಿ ಟಿಪಿಸಿ ಅಲ್ಲ. ಬಣ್ಣ ನಂಬುವುದೂ ಅಷ್ಟೇ. ಕಡಲೆಹಿಟ್ಟಿನ ಪುಡಿ ಸುಟ್ಟರೆ ಒಳ್ಳೆ ಎಣ್ಣೆಯೂ ಕಪ್ಪಾಗುತ್ತದೆ. ಬಿಳಿ ಪುಡಿ ಹಾಕಿ ಸೋಸಿದರೆ ಕೆಟ್ಟ ಎಣ್ಣೆಯೂ ತಿಳಿಯಾಗುತ್ತದೆ. ಮೀಟರ್ ಇಲ್ಲದವರು ನೊರೆ ನೋಡಲಿ. ಹೊಸ ಎಣ್ಣೆಯ ಗುಳ್ಳೆ ದೊಡ್ಡದು, ಪಟಪಟ ಒಡೆಯುತ್ತದೆ. ಸತ್ತ ಎಣ್ಣೆಯಲ್ಲಿ ಸಣ್ಣ ಹಳದಿ ನೊರೆ ಕಡಾಯಿ ಅಂಚಿನವರೆಗೆ ಏರಿ, ಭಜಿ ತೆಗೆದರೂ ಇಳಿಯುವುದಿಲ್ಲ. ಜಾರೆಯಿಂದ ಎತ್ತಿದರೆ ಎಣ್ಣೆ ಮಂದವಾಗಿ ಇಳಿಯುತ್ತದೆ, ಭಜಿ ಹಾಕುವ ಮೊದಲೇ ಹೊಗೆ ಏಳುತ್ತದೆ. ಇಷ್ಟು ಕಂಡರೆ ಅಳೆಯುವುದೂ ಬೇಡ.

ಇನ್ನೊಂದು ಮೋಸ, ಹೊಸ ಎಣ್ಣೆ ಬೆರೆಸುವುದು. ಲೆಕ್ಕ ನೋಡಿ. ಕಡಾಯಿಯಲ್ಲಿ ಶೇ 28 ಟಿಪಿಸಿಯ ಆರು ಲೀಟರ್ ಉಳಿದಿದೆ. ಶೇ 6 ಇರುವ ನಾಲ್ಕು ಲೀಟರ್ ಹೊಸದು ಸುರಿದರೆ ಸರಾಸರಿ ಶೇ 19ರ ಆಸುಪಾಸು. ಮೀಟರ್ ಪಾಸ್ ಮಾಡುತ್ತದೆ! ಆದರೆ ಕೆಟ್ಟದ್ದು ಎಲ್ಲಿಗೂ ಹೋಗಿಲ್ಲ, ಹೊಸ ನಾಲ್ಕು ಲೀಟರನ್ನೂ ಬೇಗ ಕೆಡಿಸುತ್ತದೆ. ಹೋಟೆಲಿನವರು ಉಳಿತಾಯ ಅಂದುಕೊಂಡಿದ್ದು ನಿಜವಾಗಿ ನಷ್ಟ, ಅಲ್ವಾ? ಖರ್ಚಾದಷ್ಟು ತುಂಬಿಸುವುದಿದ್ದರೆ ಎಣ್ಣೆ ಚೆನ್ನಾಗಿರುವಾಗಲೇ ತುಂಬಿಸಿ. ಮಿತಿ ದಾಟಿದ್ದನ್ನು ಪೂರ್ತಿ ಇಳಿಸಿ, ಕಡಾಯಿಗೆ ಅಂಟಿದ ಕಪ್ಪು ಜಿಡ್ಡು ಕೆರೆದು ತೊಳೆದು, ಒಣಗಿಸಿ, ಆಮೇಲೆ ಹೊಸದು ಹಾಕಿ.

ನಡುನಡುವೆ ಚೂರು ಸೋಸಿ, ಉಪ್ಪು ಕಡಾಯಿಯ ಮೇಲೆ ಉದುರಿಸಬೇಡಿ, ರಾತ್ರಿ ಮುಚ್ಚಿಡಿ.

ಇಳಿಸಿದ ಎಣ್ಣೆ ತಣಿದ ಮೇಲೆ 'ತಿನ್ನಲು ಅಲ್ಲ' ಎಂದು ಬರೆದ ಬೇರೆ ಡಬ್ಬಕ್ಕೆ ಹೋಗಲಿ. ಚರಂಡಿಗೆ ಬೇಡ, ಗಾಡಿಯವರಿಗೆ ಅಗ್ಗಕ್ಕೆ ಮಾರುವುದಂತೂ ಬೇಡವೇ ಬೇಡ. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಲು ಪ್ರಾಧಿಕಾರದ ರುಕೋ ಯೋಜನೆ ಇದೆ. ಅದರಲ್ಲಿ ನೋಂದಾಯಿಸಿದ ಸಂಗ್ರಹದವರಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಿ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಕರಿಯಲು ಬಳಸುವವರು ಎಷ್ಟು ಬಳಸಿದೆವು, ಎಷ್ಟು ಇಳಿಸಿದೆವು, ಯಾರಿಗೆ ಕೊಟ್ಟೆವು ಎಂದು ಬರೆದಿಡಲೇಬೇಕು.